ಕೊನೆಯ ಬಿನ್ ಕಾರ್ಡ್‌ನ ರಾತ್ರಿ

ಪ್ರಶ್ನೆ: ಸರ್, ನಾನೊಂದು ಸಣ್ಣಕಥೆ ಬರೀತಿದ್ದೀನಿ. ಪೀಣ್ಯದ ಒಂದು ಕಾರ್ಖಾನೆ, 2016ರ ಮಾರ್ಚ್ 31ರ ರಾತ್ರಿ ಪಾಳಿ. 22 ವರ್ಷ ರಿಜಿಸ್ಟರ್ ಬರೆದ ಸ್ಟೋರ್ಸ್ ಕ್ಲರ್ಕ್ ನಂಜಪ್ಪನ ಕೈಗೆ ಅವತ್ತು ಬಾರ್‌ಕೋಡ್ ಸ್ಕ್ಯಾನರ್ ಬರುತ್ತೆ. ನನ್ನ ಕರಡಿನಲ್ಲಿ ಅವನು ಮೆಷಿನ್ ನೋಡಿ ಹೆದರ್ತಾನೆ, ಬೆಳಗ್ಗೆ ರಿಜಿಸ್ಟರುಗಳನ್ನ ಸುಡ್ತಾರೆ, ಅವನ ಕೆಲಸ ಹೋಗುತ್ತೆ. ಓದಿದ ಗೆಳೆಯರು "ಸಿನಿಮಾ ಥರ ಇದೆ" ಅಂದ್ರು. ನೀವು ಸ್ಟೋರ್ಸ್‌ನಲ್ಲೇ ಇದ್ದವರು. ಆ ರಾತ್ರಿ ನಿಜಕ್ಕೂ ಏನು ನಡೆಯುತ್ತೆ? ಕಥೆ ಎಲ್ಲಿದೆ?

ಉತ್ತರ:

ಗೆಳೆಯರು ಹೇಳಿದ್ದು ಸರಿ. ಆದರೂ ಕಥೆ ಬಿಡಬೇಡಿ. ರಾತ್ರಿಯನ್ನಂತೂ ನೀವು ಚೆನ್ನಾಗಿ ಆರಿಸಿದ್ದೀರಿ. ಮಾರ್ಚ್ 31ಕ್ಕೆ ಹೇಗೂ ಸ್ಟಾಕ್ ಎಣಿಸಲೇಬೇಕು. ಎಣಿಸಿದ ಲೆಕ್ಕವನ್ನೇ ಹೊಸ ಸಾಫ್ಟ್‌ವೇರ್‌ಗೆ ಆರಂಭದ ಬಾಕಿ ಅಂತ ಹಾಕಿದರೆ ಎರಡು ಸಲ ಎಣಿಸೋ ಕಷ್ಟ ತಪ್ಪುತ್ತದೆ. ಅದಕ್ಕೇ ಎಷ್ಟೋ ಕಾರ್ಖಾನೆಗಳು ಏಪ್ರಿಲ್ 1ಕ್ಕೇ ಹೊಸ ಪದ್ಧತಿಗೆ ಬದಲಾಗುತ್ತವೆ.

ಮೊದಲು ನಿಮ್ಮ ಕರಡಿನಿಂದ ಮೂರು ವಿಷಯ ತೆಗೆದುಹಾಕೋಣ.

ರಿಜಿಸ್ಟರ್ ಸುಡುವುದಿಲ್ಲ. ಕಂಪನಿ ಕಾಯ್ದೆ 2013ರ 128ನೇ ಕಲಂ ಪ್ರಕಾರ ಲೆಕ್ಕದ ಪುಸ್ತಕಗಳನ್ನೂ ಅದಕ್ಕೆ ಆಧಾರವಾದ ವೋಚರ್‌ಗಳನ್ನೂ 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕು. ಸುಟ್ಟರೆ ಮೊದಲು ಬೆವರುವವರು ಅಕೌಂಟ್ಸ್‌ನವರು. ನಿಜದಲ್ಲಿ ರಿಜಿಸ್ಟರುಗಳು ರಟ್ಟಿನ ಪೆಟ್ಟಿಗೆ ಸೇರುತ್ತವೆ. ಪೆಟ್ಟಿಗೆಗಳು ಮೆಜ್ಜನೈನ್ ಮೇಲೆ ಹಳೇ ಫ್ಯಾನು, ಮುರಿದ ಕುರ್ಚಿಗಳ ಜೊತೆ ಧೂಳು ಕುಡಿಯುತ್ತವೆ. (ಅಂದಹಾಗೆ ಕಾರ್ಖಾನೆಯ ಸ್ಟಿಕ್ಕರ್ ಮೇಲಿರುವ ಬಾರ್‌ಕೋಡ್‌ನ ಹೆಸರೂ ಸಾಮಾನ್ಯವಾಗಿ "ಕೋಡ್ 128". ಕಾಯ್ದೆಗೂ ಅದಕ್ಕೂ ಸಂಬಂಧ ಇಲ್ಲ. ಕಂಪ್ಯೂಟರಿನ 128 ಅಕ್ಷರ-ಚಿಹ್ನೆಗಳನ್ನ ಬರೆಯಬಲ್ಲದು ಅಂತ ಆ ಹೆಸರು. ನಂಜಪ್ಪನಿಗೆ ಇದು ಗೊತ್ತಿರಲ್ಲ, ನಿಮಗೆ ಗೊತ್ತಿರಲಿ.)

ಕೆಲಸವೂ ಆ ರಾತ್ರಿ ಹೋಗುವುದಿಲ್ಲ. ಮೊದಲ ವಾರಗಳಲ್ಲಿ ಕೆಲಸ ಜಾಸ್ತಿಯೇ ಆಗುತ್ತದೆ. ಕ್ಲರ್ಕುಗಳ ಸಂಖ್ಯೆ ಇಳಿಯುವುದು ಆಮೇಲೆ, ಒಬ್ಬರು ನಿವೃತ್ತರಾದಾಗ ಆ ಜಾಗ ತುಂಬದೆ, ಯಾರಿಗೂ ಕಾಣದ ಹಾಗೆ.

ಇನ್ನು ಮೆಷಿನ್ ಭಯ. 2016ರಲ್ಲಿ ನಂಜಪ್ಪನ ಜೇಬಿನಲ್ಲಿ ಸ್ಮಾರ್ಟ್‌ಫೋನ್ ಇದೆ. ಮಗಳು ವಾಟ್ಸಾಪ್ ಕಲಿಸಿದ್ದಾಳೆ. ಬೀಪ್ ಅನ್ನುವ ಒಂದು ಡಬ್ಬಿಗೆ ಅವನು ಯಾಕೆ ಹೆದರಬೇಕು? ಅವನಿಗೆ ಇರುವುದು ಬೇರೆ ಥರದ ಹೆದರಿಕೆ. ಅದು ಅರ್ಥ ಆಗಬೇಕಾದರೆ ಬಿನ್ ಕಾರ್ಡ್ ನೋಡಬೇಕು.

ನೀವು "ರಿಜಿಸ್ಟರ್" ಅಂತಲೇ ಬರೆದಿದ್ದೀರಿ. ಸ್ಟೋರ್ಸ್‌ನಲ್ಲಿ ಜೀವ ಇರುವುದು ಬಿನ್ ಕಾರ್ಡ್‌ನಲ್ಲಿ. ರ್‍ಯಾಕ್‌ನ ಪ್ರತಿ ಖಾನೆಗೂ ದಾರ ಕಟ್ಟಿ ನೇತುಹಾಕಿದ ಒಂದು ದಪ್ಪ ಕಾರ್ಡು. ಮೇಲೆ ವಸ್ತುವಿನ ಹೆಸರು, ಕನಿಷ್ಠ ಎಷ್ಟಿರಬೇಕು ಅನ್ನುವ ಸಂಖ್ಯೆ. ಕೆಳಗೆ ಐದು ಕಾಲಂ: ತಾರೀಖು, ಸ್ಲಿಪ್ ನಂಬರ್, ಬಂದದ್ದು, ಹೋದದ್ದು, ಬಾಕಿ. ಮಾಲು ಕೊಟ್ಟ ತಕ್ಷಣ ಇಲ್ಲಿ ಬರೆಯಬೇಕು. ಆಮೇಲೆ ಮೇಜಿನ ಮೇಲಿನ ದೊಡ್ಡ ರಿಜಿಸ್ಟರ್‌ಗೆ ಏರಿಸಬೇಕು. ನೈಟ್ ಶಿಫ್ಟ್‌ನಲ್ಲಿ ಇವೆರಡರ ನಡುವೆ ಗಂಟೆಗಟ್ಟಲೆ ಅಂತರ ಇರುತ್ತದೆ. ರಾತ್ರಿ ಎಲ್ಲಾ ಚೀಟಿ ಮೇಲೆ ಕೊಟ್ಟು, ಬೆಳಗಿನ ಜಾವ ಚಹಾ ಕುಡಿದು, ಐದು ಗಂಟೆಗೆ ಕೂತು ಚೀಟಿಗಳನ್ನ ಸಾಲಾಗಿ ಜೋಡಿಸಿ ಬರೆಯುವುದು ರೂಢಿ.

ಈಗ ಕಾರ್ಡಿನ ಅಂಚು ನೋಡಿ. ಅಲ್ಲಿ ಪೆನ್ಸಿಲ್‌ನಲ್ಲಿ ಏನೇನೋ ಇರುತ್ತದೆ. "ಕೆಳಗಿನ ಡಬ್ಬದಲ್ಲೂ 3 ಇದೆ." "ಹಳೇ ಸಪ್ಲೈಯರ್ ಮಾಲು, ಮೊದಲು ಇದು ಕೊಡಿ." "ಎರಡನೇ ಪಾಳಿ 1 ವಾಪಸ್ ಕೊಡಬೇಕು." ಯಾವ ಕಾಲಂಗೂ ಸೇರದ ಮಾತುಗಳು ಇವು. ಹೊಸ ಸಾಫ್ಟ್‌ವೇರ್‌ಗೆ ಡೇಟಾ ತುಂಬುವಾಗ ಕಾಲಂಗಳನ್ನ ಮಾತ್ರ ಎತ್ತಿಕೊಳ್ಳುತ್ತಾರೆ. ಅಂಚನ್ನ ಯಾರೂ ಎತ್ತಿಕೊಳ್ಳುವುದಿಲ್ಲ. ನಂಜಪ್ಪನ ಹೆದರಿಕೆ ಇದೇ. ಅವನ 22 ವರ್ಷದ ತಿಳಿವಳಿಕೆ ಅರ್ಧ ಆ ಅಂಚಿನಲ್ಲಿದೆ, ಅರ್ಧ ತಲೆಯಲ್ಲಿದೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅವನು ಮಾಡಿದ ಸಣ್ಣಪುಟ್ಟ ಹೊಂದಾಣಿಕೆಗಳೂ ಅಲ್ಲೇ ಇವೆ. ಎಣಿಕೆ ದಿನ ಅವೂ ಹೊರಗೆ ಬರುತ್ತವೆ.

ನಿಮ್ಮ ಕಥೆಯ ಬೀಜವನ್ನ ಆ ಎಣಿಕೆಯಲ್ಲೇ ಹಾಕಿ, ಮಧ್ಯಾಹ್ನ ಮೂರು ಗಂಟೆಗೆ, ನಂಜಪ್ಪ ಮನೆಯಲ್ಲಿ ಮಲಗಿರುವಾಗ. ಒಂದು ಉದಾಹರಣೆ ಕೊಡುತ್ತೇನೆ, ನಾನು ಕಂಡದ್ದರಿಂದಲೇ ಕಟ್ಟಿದ್ದು.

6205 ಅನ್ನುವ ಬೇರಿಂಗ್ ಇದೆ. ಒಳಗಿನ ತೂತು 25 ಮಿ.ಮೀ., ಹೊರಗಿನ ಅಳತೆ 52, ಅಗಲ 15. ಮೋಟಾರು, ಕನ್ವೇಯರ್ ಎಲ್ಲದಕ್ಕೂ ಬರುತ್ತದೆ, ಅದಕ್ಕೇ ಪ್ರತಿ ಸ್ಟೋರ್ಸ್‌ನಲ್ಲೂ ಇರುತ್ತದೆ. ಇದರಲ್ಲಿ ಎರಡು ಜಾತಿ ಜಾಸ್ತಿ ಓಡುತ್ತವೆ. ಎರಡೂ ಬದಿಗೆ ರಬ್ಬರ್ ಸೀಲ್ ಇದ್ದರೆ ಟೂಆರ್‌ಎಸ್. ಎರಡೂ ಬದಿಗೆ ತೆಳ್ಳಗಿನ ಲೋಹದ ತಗಡು ಇದ್ದರೆ ಡಬಲ್ ಝಡ್. ಅಳತೆ ಒಂದೇ. ಡಬ್ಬಿಯ ಬಣ್ಣವೂ ಒಂದೇ. ಡಬ್ಬಿಯ ತುದಿಯಲ್ಲಿ ಎರಡು ಅಕ್ಷರ ಮಾತ್ರ ಬೇರೆ.

ನಂಜಪ್ಪನ ರ್‍ಯಾಕ್‌ನಲ್ಲಿ ಎರಡೂ ಒಂದೇ ಖಾನೆಯಲ್ಲಿವೆ. ಎಡಕ್ಕೆ ರಬ್ಬರ್, ಬಲಕ್ಕೆ ತಗಡು. ಬಿನ್ ಕಾರ್ಡ್ ಮೇಲೆ ಬರೀ "6205" ಅಂತಿದೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ "ಬಲಗಡೆ ಝಡ್‌ಝಡ್ 5". ಕಾಲಂ ಪ್ರಕಾರ ಬಾಕಿ 12. ಅವನ ಮಟ್ಟಿಗೆ ಇದರಲ್ಲಿ ಗೊಂದಲವೇ ಇಲ್ಲ: 7 ರಬ್ಬರ್, 5 ತಗಡು.

ಹೊಸ ಸಾಫ್ಟ್‌ವೇರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಕೋಡ್. ರಬ್ಬರ್‌ಗೆ 10004217, ತಗಡಿಗೆ 10004218. ಹೀಗೆ ಮಾಡಿದ್ದು ಸರಿಯೇ. ಎಣಿಸಲು ಬಂದವನು ಟ್ರೈನಿ ಹುಡುಗ. ಖಾನೆ ನೋಡಿದ, 12 ಡಬ್ಬಿ ಎಣಿಸಿದ, ಮೇಲಿನ ಮೊದಲ ಡಬ್ಬಿ ಟೂಆರ್‌ಎಸ್ ಇತ್ತು, ಹನ್ನೆರಡಕ್ಕೂ 10004217ರ ಸ್ಟಿಕ್ಕರ್ ಅಂಟಿಸಿದ. ಬಿನ್ ಕಾರ್ಡ್‌ನಲ್ಲೂ 12, ಎಣಿಕೆಯಲ್ಲೂ 12. ಆಡಿಟರ್ ಜೊತೆಗೇ ನಿಂತಿದ್ದರು, ತಾಳೆ ಆಯಿತು ಅಂತ ಟಿಕ್ ಹಾಕಿದರು. ಕಾರ್ಡ್‌ನ ಕೊನೆ ಬಾಕಿ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಇಬ್ಬರೂ ಸಹಿ ಮಾಡಿದರು. ಆ ಗೆರೆ ಕೆಳಗೆ ಇನ್ನು ಯಾರೂ ಬರೆಯುವಂತಿಲ್ಲ.

ಲೆಕ್ಕ ಪೂರ್ತಿ ತಾಳೆ ಆದ ಜಾಗದಲ್ಲೇ ತಪ್ಪು ಕೂತಿದೆ ನೋಡಿ.

ಅಂಗಡಿಯ ಬಾರ್‌ಕೋಡ್‌ಗೂ ಕಾರ್ಖಾನೆ ಸ್ಟೋರ್ಸ್‌ನ ಬಾರ್‌ಕೋಡ್‌ಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಸೂಪರ್‌ಮಾರ್ಕೆಟ್‌ನಲ್ಲಿ ಇವತ್ತು ನಾವು ಕಾಣುವ ಬಾರ್‌ಕೋಡ್ ಮೊದಲ ಸಲ ಬೀಪ್ ಅಂದದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ, ಒಂದು ಚ್ಯೂಯಿಂಗ್ ಗಮ್ ಪ್ಯಾಕೆಟ್ ಮೇಲೆ. ಆ ಗೆರೆಗಳು ತಯಾರಕರ ಪ್ಯಾಕೆಟ್ ಮೇಲೇ ಇರುತ್ತವೆ. ಒಳಗಿರುವುದೂ ಮೇಲಿರುವುದೂ ಒಂದೇ ಕಡೆಯಿಂದ ಬರುತ್ತದೆ. ಕಾರ್ಖಾನೆ ಸ್ಟೋರ್ಸ್‌ನಲ್ಲಿ ಸ್ಟಿಕ್ಕರ್ ಮುದ್ರಿಸುವುದು ನಾವೇ, ಅಂಟಿಸುವುದು ನಾವೇ. ಅಂಟಿಸಿದವನಿಗೆ ವಸ್ತು ಗೊತ್ತಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಸ್ಕ್ಯಾನರ್‌ಗೆ ಬೇರಿಂಗ್ ಕಾಣುವುದೇ ಇಲ್ಲ, ಸ್ಟಿಕ್ಕರ್ ಮಾತ್ರ ಕಾಣುತ್ತದೆ.

ಈಗ ರಾತ್ರಿ ಹತ್ತು. ನಂಜಪ್ಪ ಬರುತ್ತಾನೆ. ಕೌಂಟರ್ ಮೇಲಿದ್ದ ಇಶ್ಯೂ ಸ್ಲಿಪ್ ಪುಸ್ತಕಗಳು ಇಲ್ಲ. ಕೊನೆಯ ಸ್ಲಿಪ್ ನಂಬರ್ ಬರೆದುಕೊಂಡು, ಖಾಲಿ ಹಾಳೆಗಳಿಗೆ ಅಡ್ಡಗೆರೆ ಹಾಕಿ ಆಫೀಸಿಗೆ ಒಯ್ದಿದ್ದಾರೆ. ಜಾಗದಲ್ಲಿ ಕಂಪ್ಯೂಟರ್, ಸುರುಳಿ ವೈರಿನ ಸ್ಕ್ಯಾನರ್. ಅದನ್ನ ಎಲ್ಲರೂ "ಗನ್" ಅಂತಲೇ ಕರೆಯುತ್ತಾರೆ, ನೀವೂ ಹಾಗೇ ಬರೆಯಿರಿ. ಸಾಫ್ಟ್‌ವೇರ್ ಕಂಪನಿಯ ಹುಡುಗ ಹನ್ನೊಂದರವರೆಗೆ ಇದ್ದು, ಫೋನ್ ನಂಬರ್ ಕೊಟ್ಟು, ಬೈಕ್ ಹತ್ತಿ ಹೋಗುತ್ತಾನೆ.

ಮೊದಲ ಎಡವಟ್ಟು ನಗೆ ತರಿಸುವಂಥದ್ದಿರಲಿ, ನಿಜದಲ್ಲೂ ಹಾಗೇ ಆಗುತ್ತದೆ. ಈ ಥರದ ಗನ್ ಕಂಪ್ಯೂಟರಿಗೆ ಕೀಬೋರ್ಡ್ ಇದ್ದ ಹಾಗೆ. ಗೆರೆ ಓದಿ, ಸಂಖ್ಯೆ ಟೈಪ್ ಮಾಡಿ, ಎಂಟರ್ ಒತ್ತುತ್ತದೆ, ಅಷ್ಟೇ. ಕರ್ಸರ್ ಎಲ್ಲಿದೆಯೋ ಅಲ್ಲಿ ಟೈಪ್ ಆಗುತ್ತದೆ. ಕಾಟನ್ ಗ್ಲೌಸ್ ಕೇಳಲು ಒಬ್ಬ ಬರುತ್ತಾನೆ. ನಂಜಪ್ಪ ಕರ್ಸರ್ ಅನ್ನು "ಎಷ್ಟು" ಅನ್ನುವ ಖಾನೆಯಲ್ಲಿ ಬಿಟ್ಟು ಗನ್ ಒತ್ತುತ್ತಾನೆ. ಕೋಡ್ ಹೋಗಿ ಸಂಖ್ಯೆಯ ಜಾಗದಲ್ಲಿ ಕೂರುತ್ತದೆ. ಒಂದು ಕೋಟಿ ಚಿಲ್ಲರೆ ಗ್ಲೌಸ್ ಬೇಕು ಅಂತ ಪರದೆ ಮೇಲೆ ಬರುತ್ತದೆ. ಸ್ಟಾಕ್ ಸಾಲದು ಅಂತ ಕಂಪ್ಯೂಟರ್ ಕೆಂಪಗಾಗುತ್ತದೆ. "ಏನಣ್ಣಾ, ಇಡೀ ಬೆಂಗಳೂರಿಗೆ ಕೈ ಮುಚ್ತೀಯಾ?" ಅಂತಾನೆ ಎದುರು ನಿಂತವನು.

ಎರಡನೇ ಎಡವಟ್ಟನ್ನ ಬೇಗ ದಾಟಿಸಿ. ಸಪ್ಲೈಯರ್ ಡಬ್ಬಿ ಮೇಲೆ ತಯಾರಕರ ಬಾರ್‌ಕೋಡೂ ಇರುತ್ತದೆ, ನಮ್ಮದೂ ಇರುತ್ತದೆ. ಗನ್ ಅವರದ್ದನ್ನ ಓದಿದರೆ ಇಂಥ ವಸ್ತುವೇ ಇಲ್ಲ ಅನ್ನುತ್ತದೆ. ನಂಜಪ್ಪ ಹೆಬ್ಬೆರಳಿನಿಂದ ಅವರ ಗೆರೆ ಮುಚ್ಚಿ ನಮ್ಮ ಗೆರೆಗೆ ಗನ್ ಹಿಡಿಯಲು ಅರ್ಧ ಗಂಟೆಯಲ್ಲಿ ಕಲಿಯುತ್ತಾನೆ. ಯಾರೂ ಹೇಳಿಕೊಟ್ಟಿಲ್ಲ. ಇಂಥ ಕಡೆ ಅವನ ಕೈ ಜಾಣತನ ತೋರಿಸಿ.

ಇಲ್ಲೊಂದು ಎಚ್ಚರಿಕೆ. ಗನ್ 17ರ ಬದಲು 71 ಅಂತ ತಪ್ಪಾಗಿ ಓದಿತು ಅಂತ ಮಾತ್ರ ಬರೆಯಬೇಡಿ. ಕೋಡ್ 128ರ ಕೊನೆಯಲ್ಲಿ ತಾಳೆ ನೋಡಲು ಅಂತಲೇ ಒಂದು ಚಿಹ್ನೆ ಇರುತ್ತದೆ. ಲೆಕ್ಕ ಕೂಡದಿದ್ದರೆ ಬೀಪ್ ಬರುವುದೇ ಇಲ್ಲ. ಸ್ಟಿಕ್ಕರ್ ಎಣ್ಣೆ ಕುಡಿದಿರಲಿ, ಡಬ್ಬಿಯ ಮೂಲೆಗೆ ಮಡಚಿ ಅಂಟಿಸಿರಲಿ, ಗೆರೆಗಳ ಎರಡೂ ಪಕ್ಕ ಬಿಡಬೇಕಾದ ಖಾಲಿ ಜಾಗ ಕತ್ತರಿಸಿ ಹೋಗಿರಲಿ, ಆಗೆಲ್ಲ ಗನ್ ಮೂಕ ಆಗುತ್ತದೆ. ಸುಳ್ಳು ಓದುವುದು ಬಹಳ ಅಪರೂಪ. ತಪ್ಪು ಬರುವುದು ಗನ್ ಮೂಕ ಆದ ಮೇಲೆ, ಮನುಷ್ಯ ಕನ್ನಡಕ ಸರಿಮಾಡಿಕೊಂಡು ಎಂಟು ಅಂಕಿಗಳನ್ನ ಕೈಯಿಂದ ಒತ್ತುವಾಗ.

ಹನ್ನೆರಡು ಗಂಟೆಗೆ ಸ್ವಲ್ಪ ನಿಲ್ಲಿ. ಕಥೆಗೆ ಇದು ಒಳ್ಳೆಯ ತಿರುವು, ಬರೆಯುವವರು ಸಾಮಾನ್ಯವಾಗಿ ನೋಡುವುದಿಲ್ಲ. ನೈಟ್ ಶಿಫ್ಟ್ ಕ್ಲರ್ಕ್‌ಗೆ ತಾರೀಖು ಮಧ್ಯರಾತ್ರಿ ಬದಲಾಗುವುದಿಲ್ಲ. ಹತ್ತಕ್ಕೆ 31 ಅಂತ ಬರೆದರೆ ಬೆಳಗ್ಗೆ ಆರರವರೆಗೂ 31. ಸೋಮಾರಿತನದಿಂದ ಹಾಗೆ ಮಾಡುವುದಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 57ನೇ ಕಲಂ ಕೂಡ ಹಾಗೇ ಹೇಳುತ್ತಿತ್ತು: ಪಾಳಿ ಮಧ್ಯರಾತ್ರಿ ದಾಟಿದರೆ, ಆಮೇಲೆ ದುಡಿದ ಗಂಟೆಗಳೂ ಹಿಂದಿನ ದಿನದ ಲೆಕ್ಕಕ್ಕೇ. ಹಾಜರಿ, ಪಾಳಿ, ಚೀಟಿ ಎಲ್ಲ ಆ ಪ್ರಕಾರವೇ ನಡೆದಿವೆ. ಆದರೆ ಕಂಪ್ಯೂಟರ್ ಹನ್ನೆರಡಕ್ಕೆ ಸರಿಯಾಗಿ 1 ಅಂತ ತೋರಿಸುತ್ತದೆ. ಅವತ್ತು ಅದು ಬರೀ ತಾರೀಖಲ್ಲ, ಹಣಕಾಸು ವರ್ಷವೇ ಬದಲಾಗುತ್ತದೆ. 11:50ಕ್ಕೆ ಕೊಟ್ಟ ಗ್ಲೌಸ್ ಹಳೇ ವರ್ಷದ ಖರ್ಚು, 12:10ಕ್ಕೆ ಕೊಟ್ಟದ್ದು ಹೊಸ ವರ್ಷದ್ದು. ನಂಜಪ್ಪನ ಪಾಳಿ ನಡುವೆ ಸೀಳಿಹೋಗುತ್ತದೆ. ಇದನ್ನ ಎರಡು ಸಾಲಿನಲ್ಲಿ ಹೇಳಿ ಬಿಡಿ, ಮುಂದೆ ಬೇಕಾಗುತ್ತದೆ.

ಈಗ ಬೆಳಗಿನ ಜಾವ 2:40. ಪೇಂಟ್ ಒಣಗಿಸುವ ಓವನ್‌ನ ಕನ್ವೇಯರ್ ನಿಂತಿದೆ. ಓವನ್ ಬಾಯಿ ಹತ್ತಿರದ ರೋಲರ್‌ನಲ್ಲಿ ಬೇರಿಂಗ್ ಜಾಮ್. ಫಿಟ್ಟರ್ ಬಸವರಾಜು ಓಡಿ ಬರುತ್ತಾನೆ, ಕೈಯೆಲ್ಲ ಗ್ರೀಸು.

"ನಂಜಣ್ಣ, ಅರವತ್ತೆರಡು ಸೊನ್ನೆ ಐದು ಡಬಲ್ ಝಡ್, ಎರಡು ಕೊಡು. ಬೇಗ."

ಯಾಕೆ ಡಬಲ್ ಝಡ್ಡೇ ಬೇಕು? ಸಾಮಾನ್ಯ ರಬ್ಬರ್ ಸೀಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಚೆಗೆ ಸತತವಾಗಿ ಬಾಳುವುದಿಲ್ಲ. ಗಟ್ಟಿಯಾಗಿ, ಬಿರುಕು ಬಿಟ್ಟು, ಗ್ರೀಸು ಹೊರಗೆ ಹರಿಯುತ್ತದೆ. ಶಾಖಕ್ಕೆ ತಕ್ಕ ಗ್ರೀಸಿದ್ದರೆ ತಗಡಿನದ್ದು ತಡೆಯುತ್ತದೆ. ಬಸವರಾಜುವಿಗೂ ಇದು ಗೊತ್ತು, ನಂಜಪ್ಪನಿಗೂ ಗೊತ್ತು. ನಂಜಪ್ಪ ಡಬಲ್ ಝಡ್‌ನ ಕೋಡ್ ಹಾಕುತ್ತಾನೆ. ಪರದೆ ಮೇಲೆ ಹೀಗೆ ಬರುತ್ತದೆ:

```
Item  : 10004218
Desc  : BEARING 6205-ZZ
Stock : 0
```

ಅವನು ತಿರುಗಿ ರ್‍ಯಾಕ್ ನೋಡುತ್ತಾನೆ. ಬಲಗಡೆ ಐದು ಡಬ್ಬಿ ಕೂತಿವೆ, ಎಂದಿನ ಹಾಗೆ. ತೆಗೆದು ನೋಡಿದರೆ ಡಬ್ಬಿಯ ಮೇಲೆ ಝಡ್‌ಝಡ್ ಅಂತಲೇ ಅಚ್ಚಾಗಿದೆ. ಅದರ ಮೇಲೆ ಹೊಸ ಬಿಳಿ ಸ್ಟಿಕ್ಕರ್, 10004217.

ನಿಮ್ಮ ಕಥೆ ಇಲ್ಲಿದೆ. ಇನ್ನು ಅವನು ಏನು ಮಾಡುತ್ತಾನೆ ಅನ್ನುವುದರ ಮೇಲೆ ನೀವು ಯಾವ ಥರದ ಕಥೆ ಬರೆಯುತ್ತಿದ್ದೀರಿ ಅನ್ನುವುದು ನಿಂತಿದೆ.

ಸುಲಭದ ದಾರಿ ಒಂದಿದೆ. ಸ್ಟಿಕ್ಕರ್‌ಗೆ ಗನ್ ಹಿಡಿದು, ಎರಡು ಅಂತ ಒತ್ತಿ ಕೊಟ್ಟುಬಿಡುವುದು. ಬೀಪ್ ಬರುತ್ತದೆ, ಪರದೆ ಹಸಿರಾಗುತ್ತದೆ, ಲೈನ್ ಓಡುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಿಜದಲ್ಲಿ ನೂರಕ್ಕೆ ತೊಂಬತ್ತು ಮಂದಿ ಇದನ್ನೇ ಮಾಡುತ್ತಾರೆ ಅಂತ ನನಗನ್ನಿಸುತ್ತದೆ, ನಾನೂ ಮಾಡಿದ್ದೇನೆ. ಆದರೆ ಆಮೇಲೆ ಏನಾಗುತ್ತದೆ ನೋಡಿ. ಕಂಪ್ಯೂಟರ್ ಪ್ರಕಾರ ರಬ್ಬರ್ 10, ತಗಡು 0. ರ್‍ಯಾಕ್‌ನಲ್ಲಿ ರಬ್ಬರ್ 7, ತಗಡು 3. ಒಟ್ಟು ಎರಡೂ ಕಡೆ 10, ಹಾಗಾಗಿ ಮೇಲಿಂದ ನೋಡುವವರಿಗೆ ತಾಳೆ ಆಗಿದೆ. ಡಬಲ್ ಝಡ್ ಸೊನ್ನೆ ಇದೆ ಅಂತ ಪರ್ಚೇಸ್‌ನವರು ಹೊಸದಾಗಿ ಆರ್ಡರ್ ಹಾಕುತ್ತಾರೆ, ಮೂರು ಇದ್ದರೂ. ರಬ್ಬರಿನ ಏಳೂ ಖರ್ಚಾದ ಮೇಲೆ ಕಂಪ್ಯೂಟರ್ ಇನ್ನೂ 3 ಇದೆ ಅನ್ನುತ್ತದೆ. ಅವತ್ತು ರಾತ್ರಿ ಪಾಳಿಯಲ್ಲಿ ನಂಜಪ್ಪ ರಜೆ ಇದ್ದರೆ, ಹೊಸ ಹುಡುಗ ಸ್ಟಿಕ್ಕರ್ ನಂಬಿ, ನೀರು ಚಿಮ್ಮುವ ಪಂಪಿಗೆ ರಬ್ಬರಿನದ್ದು ಕೇಳಿದವನಿಗೆ ತಗಡಿನದ್ದು ಕೊಡುತ್ತಾನೆ. ತಗಡು ಧೂಳು ತಡೆಯುತ್ತದೆ, ನೀರು ತಡೆಯುವುದಿಲ್ಲ.

ಇಂಥ ತಪ್ಪನ್ನ ಹಿಡಿಯುವ ಒಂದು ಗುರುತು ಹೇಳುತ್ತೇನೆ, ಕಥೆಯ ಇನ್ನೊಂದು ಪಾತ್ರಕ್ಕೆ ಬೇಕಾದೀತು. ಎಣಿಕೆ ಪಟ್ಟಿಯಲ್ಲಿ ಒಂದು ಕೋಡ್‌ನಲ್ಲಿ 3 ಕಮ್ಮಿ, ಅದರ ಪಕ್ಕದ ಕೋಡ್‌ನಲ್ಲಿ ಸರಿಯಾಗಿ 3 ಜಾಸ್ತಿ ಬಂದರೆ ಕಳ್ಳನನ್ನ ಹುಡುಕಬೇಡಿ, ಸ್ಟಿಕ್ಕರ್ ನೋಡಿ. ಕದ್ದಿದ್ದರೆ ಒಂದೇ ಕಡೆ ಕಮ್ಮಿ ಆಗುತ್ತದೆ, ಎಲ್ಲೂ ಜಾಸ್ತಿ ಆಗುವುದಿಲ್ಲ.

ಎರಡನೇ ದಾರಿ ಫೋನು. ಒಂದು ಕೋಡ್‌ನಿಂದ ಇನ್ನೊಂದಕ್ಕೆ ಸ್ಟಾಕ್ ವರ್ಗ ಮಾಡಲು ನಂಜಪ್ಪನ ಲಾಗಿನ್‌ಗೆ ಅಧಿಕಾರ ಇಲ್ಲ. ಅವನಿಗೆ ಕೊಡುವುದು, ವಾಪಸ್ ತೆಗೆದುಕೊಳ್ಳುವುದು ಇಷ್ಟೇ. ಸ್ಟೋರ್ಸ್ ಆಫೀಸರ್ ಮನೆಗೆ ಫೋನ್ ಮಾಡಿದರೆ ಅವರು ನಿದ್ದೆಗಣ್ಣಲ್ಲಿ ಏನಂತಾರೆ ಅಂತ ನಾನು ಹೇಳಬೇಕಾ? "ನನ್ ಪಾಸ್‌ವರ್ಡ್ ಬರ್ಕೋ, ನೀನೇ ಮಾಡ್ಬಿಡು." ಹಾಗೆ ಮಾಡಿದರೆ ಸ್ಟಾಕ್ ಸರಿಯಾಗುತ್ತದೆ. ಆದರೆ ದಾಖಲೆ ಪ್ರಕಾರ 2:55ಕ್ಕೆ ಕೆಲಸ ಮಾಡಿದವರು ಆಫೀಸರ್, ಅವರು ಮಲಗಿದ್ದಾಗ. ರಿಜಿಸ್ಟರ್‌ನಲ್ಲಿ ಕೈಬರಹ ನೋಡಿದರೆ ಯಾರು ಬರೆದದ್ದು ಅಂತ ಇಡೀ ಡಿಪಾರ್ಟ್‌ಮೆಂಟಿಗೆ ಗೊತ್ತಾಗುತ್ತಿತ್ತು. ಈ ದಾರಿಯಲ್ಲಿ ಬೇಕಾದರೆ ಒಳ್ಳೆಯ ಹಾಸ್ಯ ಕಥೆ ಇದೆ.

ಇಲ್ಲ ಅಂತ ಕಳಿಸುವುದೂ ಒಂದು ದಾರಿ. ಅದನ್ನ ಬರೆಯಬೇಡಿ. 22 ವರ್ಷದ ಸ್ಟೋರ್ಸ್ ಕ್ಲರ್ಕ್, ಮಾಲು ರ್‍ಯಾಕ್‌ನಲ್ಲಿ ಕಾಣುತ್ತಿರುವಾಗ ಬ್ರೇಕ್‌ಡೌನ್‌ಗೆ ಬಂದ ಫಿಟ್ಟರ್‌ನ ಬರಿಗೈಲಿ ಕಳಿಸಿದ್ದನ್ನ ನಾನು ನೋಡಿಲ್ಲ.

ನನಗೆ ಇಷ್ಟವಾದದ್ದು ನಾಲ್ಕನೆಯದು. ಅವನು ಗನ್ ಕೆಳಗಿಡುತ್ತಾನೆ. ಬೇರಿಂಗ್ ಎರಡನ್ನೂ ಕೊಡುತ್ತಾನೆ. ಸ್ಲಿಪ್ ಪುಸ್ತಕ ಇಲ್ಲ, ಸರಿ, ಏನಾದರೂ ಒಂದು ಕಾಗದ ಬೇಕು. ದಾರದಲ್ಲಿ ನೇತಾಡುತ್ತಿರುವ ಬಿನ್ ಕಾರ್ಡ್ ತೆಗೆದುಕೊಳ್ಳುತ್ತಾನೆ. ಕೆಂಪು ಗೆರೆ ಇದೆ, ಇಬ್ಬರ ಸಹಿ ಇದೆ. ಅದರ ಕೆಳಗೆ ಪೆನ್ಸಿಲ್‌ನಲ್ಲಿ ಬರೆಯುತ್ತಾನೆ: "ಝಡ್‌ಝಡ್ 2, ಓವನ್, 2.50." ಬಸವರಾಜು ಗ್ರೀಸು ಕೈಯಲ್ಲೇ ಸಹಿ ಹಾಕುತ್ತಾನೆ, ಕಾರ್ಡ್ ಮೇಲೆ ಹೆಬ್ಬೆಟ್ಟಿನ ಕಲೆ ಬೀಳುತ್ತದೆ.

ಇದನ್ನ ಮೆಷಿನ್ ಮೇಲಿನ ಸಿಟ್ಟು ಅನ್ನುವ ಹಾಗೆ ಮಾತ್ರ ಬರೆಯಬೇಡಿ. ಆ ಕ್ಷಣದಲ್ಲಿ ನಡೆದದ್ದನ್ನ ನಡೆದ ಹಾಗೆ ಬರೆಯಲು ಅವನಿಗೆ ಇದ್ದ ಜಾಗ ಅದೊಂದೇ. ಗನ್ ಒತ್ತಿದರೆ ತಪ್ಪು ವಸ್ತು ದಾಖಲಾಗುತ್ತದೆ, ಪಾಸ್‌ವರ್ಡ್ ಬಳಸಿದರೆ ತಪ್ಪು ಮನುಷ್ಯ.

ಬೆಳಗ್ಗೆ ಆರಕ್ಕೆ ಪಾಳಿ ಬಿಡುತ್ತದೆ, ಆದರೆ ಅವನು ಎಂಟೂವರೆವರೆಗೆ ಕೂರುತ್ತಾನೆ. ಓವರ್‌ಟೈಮ್ ಸಿಗಲ್ಲ. ಆಫೀಸರ್ ಬರುತ್ತಾರೆ. ಅವನು ಐದು ಡಬ್ಬಿಯ ವಿಷಯ ಹೇಳುತ್ತಾನೆ, ಉಳಿದ ಮೂರನ್ನ ಮೇಜಿನ ಮೇಲಿಟ್ಟು ತೋರಿಸುತ್ತಾನೆ. ಅವರು ಮೊದಲು ಬೈಯುತ್ತಾರೆ, ಆಮೇಲೆ 5ನ್ನು ರಬ್ಬರ್ ಕೋಡ್‌ನಿಂದ ತಗಡಿನ ಕೋಡ್‌ಗೆ ವರ್ಗ ಮಾಡುತ್ತಾರೆ. ಈಗ ರಬ್ಬರ್ 7, ತಗಡು 5. ಆಮೇಲೆ ನಂಜಪ್ಪ ತನ್ನ ಲಾಗಿನ್‌ನಲ್ಲಿ 2 ಕೊಟ್ಟದ್ದನ್ನ ದಾಖಲಿಸುತ್ತಾನೆ. ತಗಡು 3. ರ್‍ಯಾಕ್‌ಗೂ ಕಂಪ್ಯೂಟರ್‌ಗೂ ತಾಳೆ. ಕಂಪ್ಯೂಟರ್‌ನಲ್ಲಿ ಮಾತ್ರ ಆ ಬೇರಿಂಗ್ ಏಪ್ರಿಲ್ 1ರ ಬೆಳಗ್ಗೆ 8:52ಕ್ಕೆ ಸ್ಟೋರ್ಸ್ ಬಿಟ್ಟಿದೆ. ಅಷ್ಟು ಹೊತ್ತಿಗೆ ಅದು ಓವನ್ ಪಕ್ಕ ಆರು ಗಂಟೆ ತಿರುಗಿ ಆಗಿದೆ.

ಮುಂದಿನ ವಾರಗಳ ಬಗ್ಗೆ ಒಂದು ಮಾತು. ನೀವು ಕಥೆಯನ್ನ ಅಷ್ಟು ದೂರ ಎಳೆಯುವುದಾದರೆ ಮಾತ್ರ. ನಂಜಪ್ಪ ಜಾಸ್ತಿ ಓಡುವ ಮೂವತ್ತು ನಲವತ್ತು ವಸ್ತುಗಳ ಸ್ಟಿಕ್ಕರ್‌ಗಳನ್ನ ಒಂದು ರಟ್ಟಿಗೆ ಅಂಟಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಬರೆದು, ಕೌಂಟರ್ ಪಕ್ಕ ನೇತುಹಾಕುತ್ತಾನೆ. ರ್‍ಯಾಕ್‌ವರೆಗೆ ಗನ್ ಒಯ್ಯಲು ವೈರು ಸಾಲದು, ಅದಕ್ಕೆ. ಗನ್ ರಟ್ಟಿಗೆ ಹಿಡಿದರೆ ಆಯಿತು. ಸಾಫ್ಟ್‌ವೇರ್ ಹುಡುಗ ನೋಡಿ ತಲೆ ಚಚ್ಚಿಕೊಳ್ಳುತ್ತಾನೆ. ಅವನು ಹೇಳುವುದೂ ಸರಿ. ಕೈಯಲ್ಲಿರುವ ಡಬ್ಬಿಗೇ ಗನ್ ಹಿಡಿಯದಿದ್ದರೆ ಬಾರ್‌ಕೋಡ್‌ನಿಂದ ಏನು ಲಾಭ? ಆದರೆ ಆ ರಟ್ಟಿನ ಅಂಚು ನೋಡಿ. ಅಲ್ಲಿ ಪೆನ್ಸಿಲ್ ಬರಹ ಶುರುವಾಗಿರುತ್ತದೆ.

ಕೊನೆಗೆ ಒಂದನ್ನ ನೀವೇ ನಿರ್ಧರಿಸಬೇಕು. 2:50ಕ್ಕೆ ಕೆಂಪು ಗೆರೆ ಕೆಳಗೆ ಬರೆದ ಆ ಸಾಲಿಗೆ ಅವನು ಯಾವ ತಾರೀಖು ಹಾಕುತ್ತಾನೆ? 1/4 ಅಂತ ಹಾಕಿದರೆ ಕಂಪ್ಯೂಟರ್‌ಗೆ ಹೊಂದುತ್ತದೆ. 31/3 ಅಂತ ಹಾಕಿದರೆ, ಮುಚ್ಚಿದ ವರ್ಷದ ಲೆಕ್ಕದಲ್ಲಿ ಸಹಿ ಆದ ಮೇಲೆ ಎರಡು ಬೇರಿಂಗ್ ಹೋದ ಹಾಗೆ ಕಾಣುತ್ತದೆ, ಆಡಿಟರ್ ಕೇಳಿಯೇ ಕೇಳುತ್ತಾರೆ. ನಮ್ಮ ಸ್ಟೋರ್ಸ್‌ನಲ್ಲಿ ಅಂಥದೇ ಒಂದು ಕಾರ್ಡ್ ಇತ್ತು. ಮರುವರ್ಷ ಪೆಟ್ಟಿಗೆ ಇಳಿಸಿದಾಗ ಆಡಿಟರ್ ಅದನ್ನೇ ಹೊರಗೆ ತೆಗೆದು ನನ್ನ ಮುಂದೆ ಹಿಡಿದರು. ಅದರ ಮೇಲೆ ಇದ್ದದ್ದು 31/3. ನೈಟ್ ಶಿಫ್ಟ್‌ನವನು ಬೇರೆ ಏನು ಬರೆಯುತ್ತಾನೆ ಅಂತ ನಾನೂ ಸುಮ್ನೆ ನಿಂತಿದ್ದೆ.